ಬಲತುದಿಯಲ್ಲಿ ಕಾಣುವ ಮೊಣಕೈ ನನ್ನದು

ಅಕ್ಕ ನಗುತ್ತಿರುವ ಈ ಚಿತ್ರದ ಬಲತುದಿಯಲ್ಲಿ ಅರ್ಧಕ್ಕೆ ಕತ್ತರಿಸಿಹೋದ ಮೊಣಕೈಯೊಂದು ಕಾಣುತ್ತದೆಯಲ್ಲ, ಅದು ನನ್ನದು. ಆ ಕೈಯಲ್ಲಿದ್ದದ್ದು ಅವಳ ಮೊಬೈಲು. ಛಾಯಾಗ್ರಾಹಕರು, ವಾಹನದವರು, ಅಡುಗೆಯವರು ಎಲ್ಲರೊಡನೆಯೂ ಮೊದಲು ಮಾತನಾಡಿದ್ದು ಅವಳೇ ಆದ್ದರಿಂದ ಎಲ್ಲರ ಬಳಿಯೂ ಅವಳ ನಂಬರೇ ಇತ್ತು. ಹದಿನೈದು ದಿನ ಮೊದಲೇ ಒಬ್ಬೊಬ್ಬರಿಗೂ ಕರೆ ಮಾಡಿ ನನ್ನ ನಂಬರು ಬರೆಸಿದ್ದೆ. ಆದರೂ ಮದುವೆಯ ದಿನ ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಆ ಮೊಬೈಲಿಗೆ 31 ಕರೆಗಳು ಬಂದವು. ಸಭಾಂಗಣಕ್ಕೆ ಯಾವ ಕಡೆಯಿಂದ ಬರಬೇಕೆಂದು ಮದುಮಗಳನ್ನೇ ಕೇಳುವ ಬಂಧುಗಳು ಇಷ್ಟೊಂದು ಮಂದಿ ಇದ್ದಾರೆಂದು ನಾನು ಎಣಿಸಿರಲಿಲ್ಲ.

ಅಂದು ನಾನು ಮಾಡಿದ ಹತ್ತಾರು ಕೆಲಸಗಳಲ್ಲಿ ನನಗೆ ಹೆಮ್ಮೆಯೆನಿಸುವುದು ಒಂದೇ. ಅದು ಒಂದು ಹಾಳೆಯ ಮೇಲೆ ಎರಡು ಹೆಸರುಗಳನ್ನು ಅದಲುಬದಲು ಮಾಡಿದ್ದು. ಕಾರ್ಯ ಆರಂಭವಾಗುವುದು ಹನ್ನೊಂದಕ್ಕೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಹೋದೆ: ಸಭಾಂಗಣಕ್ಕೆ 10.15ಕ್ಕೆ ತಲುಪಬೇಕು, ದಾರಿ ಇಪ್ಪತ್ತೈದು ನಿಮಿಷದ್ದು, ಎಲ್ಲರೂ ವಾಹನ ಹತ್ತಿ ಕೂರಲು ಇನ್ನೂ ಇಪ್ಪತ್ತು ನಿಮಿಷ (ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ), ಉಡುಗೆ ಆಭರಣಗಳಿಗೆ ಅರ್ಧ ಗಂಟೆ. ಅಂದರೆ ಒಂಬತ್ತಕ್ಕೆ ಅಕ್ಕನ ಮೇಕಪ್ ಮುಗಿದಿರಬೇಕು, ಅವಳಿಗೆ ಎರಡು ಗಂಟೆ ಬೇಕಾದ್ದರಿಂದ ಏಳಕ್ಕೆ ಕುರ್ಚಿಯಲ್ಲಿ ಕುಳಿತಿರಬೇಕು. ಬ್ಯೂಟೀಶಿಯನ್ ಕೊಟ್ಟ ಪಟ್ಟಿಯಲ್ಲಿ ಮೊದಲು ಅಮ್ಮ, ಆಮೇಲೆ ಚಿಕ್ಕಮ್ಮ, ಆಮೇಲೆ ಚಿಕ್ಕಮ್ಮನ ಮಗಳು, ಕೊನೆಗೆ ಅಕ್ಕ. ಮದುಮಗಳ ಮುಖ ಕೊನೆಯವರೆಗೂ ಹೊಸದಾಗಿರಲಿ ಎಂಬುದು ಅವರ ವಾದ. ಆದರೆ ಮೊದಲ ಮೂವರಲ್ಲಿ ಒಬ್ಬೊಬ್ಬರೂ ಹತ್ತು ನಿಮಿಷ ಹೆಚ್ಚು ತೆಗೆದುಕೊಂಡರೂ ಆ ಅರ್ಧ ಗಂಟೆ ಬಂದು ಬೀಳುವುದು ಸಾಲಿನ ಕೊನೆಯಲ್ಲಿ ನಿಂತವಳ ತಲೆಯ ಮೇಲೆ. ಆದ್ದರಿಂದ ಅಕ್ಕನನ್ನು ಮೂರನೆಯವಳಾಗಿ ಮಾಡಿ, ಚಿಕ್ಕಮ್ಮನ ಮಗಳನ್ನು ಕೊನೆಗೆ ಹಾಕಿದೆ. ಅಕ್ಕನ ಸರದಿಗೆ ಮೊದಲು ಹದಿನೈದು ನಿಮಿಷ ಖಾಲಿ ಬಿಡಿಸಿದೆ.

ಅಮ್ಮ, ಚಿಕ್ಕಮ್ಮ ಸೇರಿ ಇಪ್ಪತ್ತು ನಿಮಿಷ ಹೆಚ್ಚಿಗೆ ಹಿಡಿದರು. ಅಕ್ಕ ಕುಳಿತದ್ದು 7.05ಕ್ಕೆ, ಎದ್ದದ್ದು 9.10ಕ್ಕೆ, ವಾಹನ ಹೇಳಿದ ಹೊತ್ತಿಗೇ ಹೊರಟಿತು. ಚಿಕ್ಕಮ್ಮನ ಮಗಳು ಮಾತ್ರ ಎರಡನೆಯ ವಾಹನದಲ್ಲಿ ಬರಬೇಕಾಯಿತು. ಬಾಗಿಲಲ್ಲಿ ತೆಗೆದ ಚಿತ್ರಗಳಲ್ಲಿ ಅವಳಿಲ್ಲ, ಆ ಕೋಪ ಇನ್ನೂ ಇಳಿದಿಲ್ಲ. ಅದು ನ್ಯಾಯವಾದ ಕೋಪವೇ. ತಡವನ್ನು ನಾನು ಇಲ್ಲವಾಗಿಸಿರಲಿಲ್ಲ, ಅವಳ ಪಾಲಿಗೆ ದಾಟಿಸಿದ್ದೆ ಅಷ್ಟೆ.

ಉಳಿದ ಹಣದ ಲಕೋಟೆಗಳು, ಕೋಣೆಯ ಕೀಲಿಗಳು, ಕಳೆದುಹೋಗಿ ನನ್ನ ಜೇಬಿನಲ್ಲೇ ಸಿಕ್ಕ ಪಿನ್ನುಗಳ ಕತೆ ಬೇಡ. ಸಂಜೆ ಹೊರಡುವಾಗ ಮೊಬೈಲನ್ನು ಅಕ್ಕನ ಕೈಗಿತ್ತೆ. ಬ್ಯಾಟರಿ ನಾಲ್ಕು ಪರ್ಸೆಂಟ್ ಇತ್ತು. ಅಷ್ಟು ಹೊತ್ತು ಅತ್ತ ಕಣ್ಣುಗಳಲ್ಲೇ ಅವಳು ಕೇಳಿದಳು, "ಯಾರಾದ್ರೂ ಫೋನ್ ಮಾಡಿದ್ರೇನೋ?"

"ಯಾರೂ ಇಲ್ಲ ಕಣೇ," ಎಂದೆ.