ಹಾರುವುದು, ಆರುವುದು

ಅಣ್ಣನ ಮಗಳಿಗೆ ಆರು ವರ್ಷ. ಒಂದು ಸಂಜೆ ಬಂದು, "ಅತ್ತೆ, ಘನ ದ್ರವ ಅನಿಲದ ಮೇಲೆ ಒಂದು ಪದ್ಯ ಬರ್ಕೊಡು. ಪ್ರಾಸ ಇರ್ಬೇಕು" ಅಂದಳು. ನಾಲ್ಕು ಸಾಲು ತಾನೇ, ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಹತ್ತು ದಿನ ಹಿಡಿಯಿತು.

ಮೊದಲ ತೊಡಕು ಆ ಮೂರು ಪದಗಳದ್ದೇ. ಘನಕ್ಕೆ ಪ್ರಾಸ ಬೇಕಾದಷ್ಟಿದೆ. ಜನ, ಮನ, ವನ, ದನ, ಯಾವುದನ್ನಾದರೂ ತಂದು ಕಟ್ಟಬಹುದು. ದ್ರವಕ್ಕೆ ಹುಡುಕಿದಾಗ ಮೊದಲು ನೆನಪಾದದ್ದು ಶವ. ಮಕ್ಕಳ ಪದ್ಯಕ್ಕೆ ಅದು ಹೇಗೆ ಬರುತ್ತೆ ಹೇಳಿ. ಅನಿಲ ಅಂದರೆ ಅವಳ ಕ್ಲಾಸಿನಲ್ಲಿ ಎಲ್ಲರೂ ಒಬ್ಬ ಹುಡುಗನ ಕಡೆ ತಿರುಗಿ ನೋಡುತ್ತಾರಂತೆ. ಹಾಗಾಗಿ ಆ ಮೂರನ್ನೂ ಸಾಲಿನ ಮೊದಲಿಗೆ ಕೂರಿಸಿ, ಪ್ರಾಸವನ್ನು ಕೊನೆಯಲ್ಲಿ ಬೇರೆ ಪದಗಳ ಮೇಲೆ ಹೊರಿಸಿದೆ. ಮಾತ್ರೆ ನಾಲ್ಕು ನಾಲ್ಕರಂತೆ ಮೂರು ಸಲ, ಆಮೇಲೆ ಬಾಲಕ್ಕೆ ಒಂದು. ಕೈತಟ್ಟಿ ಹೇಳೋಕೆ ಇದು ಚೆನ್ನಾಗಿರುತ್ತೆ.

ಘನಕ್ಕೆ ತನ್ನದೆ ಆಕಾರ
ದ್ರವಕ್ಕೆ ಪಾತ್ರೆಯೆ ಆಧಾರ
ಅನಿಲಕೆ ಕೋಣೆಯೆ ಸಂಸಾರ
ಮೂರಕು ಬೇರೇ ವ್ಯವಹಾರ

"ಸಂಸಾರ ಅಂದ್ರೆ?" ಅಂದಳು. ನಿಜ ಹೇಳಬೇಕೆಂದರೆ ಅದಕ್ಕೆ ಅರ್ಥವೇ ಇರಲಿಲ್ಲ. ಆಧಾರದ ಪಕ್ಕದಲ್ಲಿ ಖಾಲಿ ಜಾಗ ಕಂಡಿತು, ಸಂಸಾರ ಬಂದು ಕೂತಿತು. ಪ್ರಾಸ ಹೀಗೇ, ಕರೆಯದಿದ್ದರೂ ಬಂದು ಊಟಕ್ಕೆ ಕೂರುತ್ತೆ. ಅಳಿಸಿ "ಕೋಣೆಯ ವಿಸ್ತಾರ" ಎಂದು ಬರೆದೆ. ಅಷ್ಟೇ ಮಾತ್ರೆ, ಅದೇ ಪ್ರಾಸ, ಈ ಸಲ ಮಾತೂ ಸರಿ. ದ್ರವ ಪಾತ್ರೆಯ ಆಕಾರ ಪಡೆಯುತ್ತೆ, ಆದರೆ ಅರ್ಧ ಲೋಟ ನೀರು ದೊಡ್ಡ ಬೋಗುಣಿಗೆ ಹೋದರೂ ಅರ್ಧ ಲೋಟವೇ. ಅನಿಲ ಹಾಗಲ್ಲ. ಎಷ್ಟು ಜಾಗ ಕೊಟ್ಟರೂ ಅಷ್ಟಕ್ಕೂ ಹರಡಿಕೊಳ್ಳುತ್ತೆ. ಕೋಣೆಯ ಮೂಲೆಯಲ್ಲಿ ಸೆಂಟಿನ ಬಾಟಲಿಯ ಮುಚ್ಚಳ ತೆಗೆದಿಟ್ಟೆ. ಸ್ವಲ್ಪ ಹೊತ್ತಿಗೆ ಎದುರಿನ ಮೂಲೆಯಿಂದ "ಬಂತು!" ಎಂದು ಕೂಗಿದಳು. ವಿಸ್ತಾರ ಪಾಸಾಯಿತು.

ಎರಡನೇ ದಿನ ಒಂದು ಲೋಟದ ತುಂಬ ಮರಳು ತಂದಳು. ನನ್ನ ಮುಂದೆಯೇ ಬೋಗುಣಿಗೆ ಸುರಿದು, "ನೋಡು, ಲೋಟದಲ್ಲಿ ಲೋಟದ ಥರ ಇತ್ತು, ಬೋಗುಣೀಲಿ ಬೋಗುಣಿ ಥರ ಇದೆ. ಮರಳು ದ್ರವ ಅಲ್ವಾ?" ಅಂದಳು. ನನ್ನ ಎರಡನೇ ಸಾಲನ್ನೇ ಹಿಡಿದು ನನ್ನನ್ನು ಬೀಳಿಸಿದ್ದಳು. ಆ ಸಾಲಿನ ಪ್ರಕಾರ ಅವಳು ಹೇಳಿದ್ದು ಸರಿಯೇ.

ಬೋಗುಣಿಯನ್ನೇ ಮತ್ತೊಮ್ಮೆ ನೋಡಿದೆವು. ಮರಳು ನಡುವೆ ಗುಡ್ಡೆಯಾಗಿ ನಿಂತಿತ್ತು. ಪಕ್ಕದ ಬೋಗುಣಿಗೆ ನೀರು ಸುರಿದರೆ ನಡುವೆ ಗುಡ್ಡೆ ಇಲ್ಲ, ಮೇಲ್ಭಾಗ ಸಪಾಟು. ಬೋಗುಣಿಯನ್ನು ಓರೆ ಮಾಡಿದರೆ ನೀರಿನ ಮೇಲ್ಮೈ ತಕ್ಷಣ ಮತ್ತೆ ಮಟ್ಟಸವಾಗುತ್ತೆ. ಮರಳು ಓರೆಯಾಗಿಯೇ ಕೂತಿರುತ್ತೆ. ಒಣಮರಳಿನ ಇಳಿಜಾರು ಸುಮಾರು 30ರಿಂದ 35 ಡಿಗ್ರಿಯವರೆಗೂ ತಡೆಯುತ್ತೆ, ಅದನ್ನು ದಾಟಿದರೆ ಜಾರುತ್ತೆ. ಆಮೇಲೆ ಒಂದೇ ಒಂದು ಕಣವನ್ನು ಬೆರಳ ತುದಿಗೆ ಅಂಟಿಸಿಕೊಂಡು ನೋಡಿದಳು. ಬೋಗುಣಿಯಲ್ಲಿದ್ದರೂ ಬೆರಳಿನ ಮೇಲಿದ್ದರೂ ಅದರ ಆಕಾರ ಅದರದ್ದೇ. ಹರಿದದ್ದು ಕಣಗಳ ಗುಂಪು, ಕಣ ಅಲ್ಲ. ಹೀಗೆ ಎರಡು ಸಾಲು ಹೆಚ್ಚಾಯಿತು.

ಸುರಿದರು ಮರಳು ದ್ರವವಲ್ಲ
ಗುಡ್ಡೇ ನೀರಿಗೆ ಬರೊದಿಲ್ಲ

ಈ ಎರಡನೇ ಸಾಲಿನ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಪ್ರೀತಿ. ಈಜು ಬರಲ್ಲ, ಸೈಕಲ್ ಬರಲ್ಲ ಅನ್ನುವ ಹಾಗೆ ನೀರಿಗೆ ಗುಡ್ಡೆ ಬರಲ್ಲ.

ಆಮೇಲೆ ಬಂತು ಸ್ಥಿತಿ ಬದಲಾಗುವ ಭಾಗ. "ಬಿಸಿಯನು ಕೊಟ್ಟರೆ ಕರಗುವುದು" ಎಂದು ಶುರು ಮಾಡಿದೆ. ಇಲ್ಲಿ ಕನ್ನಡವೇ ಕೈಕೊಟ್ಟಿತು. ಮಂಜುಗಡ್ಡೆ ನೀರಾದರೂ ಕರಗಿತು ಅನ್ನುತ್ತೇವೆ, ಉಪ್ಪು ನೀರಿನಲ್ಲಿ ಕಾಣದಾದರೂ ಕರಗಿತು ಅನ್ನುತ್ತೇವೆ. ಪುಸ್ತಕದವರು ಉಪ್ಪಿನ ಪಾಲಿಗೆ ವಿಲೀನ ಅನ್ನುವ ಪದ ಇಟ್ಟಿದ್ದಾರೆ. ಆದರೆ ಮನೆಯಲ್ಲಿ ಯಾರೂ "ಉಪ್ಪು ವಿಲೀನ ಆಯ್ತಾ ನೋಡು" ಅನ್ನಲ್ಲ. ಮಗು ಒಂದೇ ಪದ ಕೇಳುತ್ತೆ, ಉಪ್ಪೂ ದ್ರವ ಆಯಿತು ಅಂದುಕೊಳ್ಳುತ್ತೆ. ಅವಳೂ ಹಾಗೇ ಅಂದುಕೊಂಡಿದ್ದಳು.

ಒಂದು ಅಗಲವಾದ ತಟ್ಟೆಯಲ್ಲಿ ಉಪ್ಪುನೀರು, ಇನ್ನೊಂದರಲ್ಲಿ ಒಂದು ತುಂಡು ಮಂಜುಗಡ್ಡೆ ಇಟ್ಟು ಬಿಸಿಲಿಗೆ ಬಿಟ್ಟೆವು. ಮಂಜುಗಡ್ಡೆ ಯಾರ ಸಹಾಯವೂ ಇಲ್ಲದೆ ನೀರಾಯಿತು, ಆ ನೀರೂ ಆರಿ ತಟ್ಟೆ ಬರಿದಾಯಿತು. ಉಪ್ಪಿನ ತಟ್ಟೆಯಲ್ಲಿ ನೀರು ಹೋದ ಮೇಲೆ ಬಿಳಿ ಹರಳು ಉಳಿಯಿತು. ಉಪ್ಪು ಕರಗಿ ದ್ರವ ಆಗಿರಲಿಲ್ಲ. ನೀರಿನೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಹಂಚಿಹೋಗಿತ್ತು, ಅಷ್ಟೇ.

ಮಂಜಿಗೆ ಬಿಸಿಯೇ ಸಾಕಮ್ಮ
ಉಪ್ಪಿಗೆ ನೀರೇ ಬೇಕಮ್ಮ

ತಿಳಿದವರು ಇಲ್ಲಿ ನನ್ನನ್ನು ಹಿಡಿಯಬಹುದು. ಬರೀ ಬಿಸಿಯಿಂದಲೂ ಉಪ್ಪು ಕರಗಿ ದ್ರವ ಆಗುತ್ತೆ. ಆದರೆ ಅದಕ್ಕೆ 801 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಬಿಸಿ ನಮ್ಮ ಒಲೆಯ ಮೇಲಿನ ಪಾತ್ರೆಯಲ್ಲಿ ಆಗುವುದಲ್ಲ, ಹಾಗಾಗಿ ಪದ್ಯದಿಂದಲೂ ಹೊರಗಿಟ್ಟೆ. ಮೊದಲು ಸಾಕಣ್ಣ, ಬೇಕಣ್ಣ ಎಂದಿತ್ತು. "ನಾನು ಅಣ್ಣ ಅಲ್ಲ" ಅಂದಳು, ಬದಲಾಯಿಸಿದೆ. ಮಾತ್ರೆಗೆ ಏನೂ ನಷ್ಟವಾಗಲಿಲ್ಲ.

ಕರಗುವ ವಿಷಯ ಬಂತಲ್ಲ ಎಂದು ಒಂದು ದಿನ ಪುಡಿ ಮಾಡಿದ ಮಂಜುಗಡ್ಡೆಯನ್ನು ಲೋಟದಲ್ಲಿ ತುಂಬಿ ಥರ್ಮಾಮೀಟರ್ ನೆಟ್ಟೆ. ಜ್ವರ ನೋಡುವುದಲ್ಲ, ಸೊನ್ನೆಗಿಂತ ಕೆಳಗೂ ತೋರಿಸುವ ಗಾಜಿನದು. ಮೊದಲು ಸೊನ್ನೆಗಿಂತ ಕೆಳಗಿದ್ದದ್ದು ಏರಿ ಸೊನ್ನೆಗೆ ಬಂತು. ಬಂದದ್ದೇ, ಅಲ್ಲೇ ನಿಂತಿತು. ಸುತ್ತ ಸೆಕೆ, ಲೋಟದಲ್ಲಿ ನೀರು ಹೆಚ್ಚುತ್ತಿದೆ, ನಾವು ಕಲಕುತ್ತಲೇ ಇದ್ದೇವೆ, ಕಡ್ಡಿ ಮಾತ್ರ ಅಲುಗಾಡಲ್ಲ. "ಇದು ಕೆಟ್ಟಿದೆ ಅತ್ತೆ" ಅಂದಳು. ಕೆಟ್ಟಿರಲಿಲ್ಲ. ಹೊರಗಿನಿಂದ ಬಂದ ಬಿಸಿಯೆಲ್ಲ ಮಂಜುಗಡ್ಡೆಯ ಕಟ್ಟು ಬಿಚ್ಚುವುದಕ್ಕೇ ಖರ್ಚಾಗುತ್ತಿತ್ತು, ನೀರನ್ನು ಬೆಚ್ಚಗೆ ಮಾಡಲು ಏನೂ ಉಳಿಯುತ್ತಿರಲಿಲ್ಲ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಬೇಕು. ಅಷ್ಟೇ ಬಿಸಿಯನ್ನು ಒಂದು ಗ್ರಾಂ ನೀರಿಗೆ ಕೊಟ್ಟಿದ್ದರೆ ಅದು ಸೊನ್ನೆಯಿಂದ 80 ಡಿಗ್ರಿಗೆ ಏರುತ್ತಿತ್ತು, ಕೈ ಸುಡುವಷ್ಟು. ಕೊನೆಯ ಚೂರು ಕರಗಿದ ಮೇಲೆ ಕಡ್ಡಿ ಮತ್ತೆ ಮೇಲೇರಿತು. ಇದನ್ನು ಪದ್ಯಕ್ಕೆ ತರಲು ಎರಡು ದಿನ ಒದ್ದಾಡಿದೆ. "ಸೊನ್ನೆ"ಗೆ "ನಿನ್ನೆ" ಬಂತು, "ಕೆನ್ನೆ" ಬಂತು, ಅರ್ಥ ಮಾತ್ರ ಬರಲಿಲ್ಲ. ಕೈಬಿಟ್ಟೆ. ಲೋಟ ನೋಡಿದ್ದಾಳೆ, ಸಾಕು.

ಇನ್ನು ಉಳಿದದ್ದು ಆವಿ. ನಾನು ಬರೆದಿದ್ದ ಸಾಲು ಇದು:

ಕುದಿದರೆ ಹೊಗೆಯಾಗೇರುವುದು

ನನಗೆ ನಾಚಿಕೆಯಾಗಬೇಕು. ಹೊಗೆ ಬರುವುದು ಏನಾದರೂ ಉರಿದಾಗ. ನೀರು ಉರಿಯುವುದಿಲ್ಲ. ಆದರೆ ಕುದಿಯುವ ಪಾತ್ರೆಯ ಮೇಲೆ ಬೆಳ್ಳಗೆ ಏಳುವುದನ್ನು ನೋಡಿ ಮಕ್ಕಳೆಲ್ಲ ಹೊಗೆ ಅನ್ನುತ್ತಾರೆ, ನಾವೂ ತಿದ್ದುವುದಿಲ್ಲ. ತಿದ್ದುವವರು ಅದನ್ನು ಆವಿ ಅನ್ನುತ್ತಾರೆ. ಅದೂ ಪೂರ್ತಿ ಸರಿಯಲ್ಲ.

ಮೂತಿ ಇರುವ ಕೆಟಲ್ ಒಂದರಲ್ಲಿ ನೀರು ಕುದಿಸಿ, ಅವಳನ್ನು ನಾಲ್ಕು ಹೆಜ್ಜೆ ದೂರ ಕೂರಿಸಿ, "ಮೂತಿಯ ತುದೀಲಿ ಏನಿದೆ?" ಅಂತ ಕೇಳಿದೆ. "ಹೊಗೆ" ಅಂದಳು. "ಸರಿಯಾಗಿ ನೋಡು, ತುದಿಗೆ ಅಂಟಿಕೊಂಡಿದೆಯಾ?" ಆಗ ಕಂಡಿತು. ಮೂತಿಯ ತುದಿಗೂ ಬಿಳಿ ಮೋಡಕ್ಕೂ ನಡುವೆ ಒಂದು ಬೆರಳಿನಷ್ಟು ಜಾಗ ಬರಿದಾಗಿತ್ತು. "ಅಲ್ಲೇನೂ ಇಲ್ಲ" ಅಂದಳು. ನಿಜವಾದ ಆವಿ ಇರುವುದು ಅಲ್ಲೇ. ಅದು ಅನಿಲ, ಗಾಳಿಯ ಹಾಗೇ ಕಣ್ಣಿಗೆ ಕಾಣದು. ಹೊರಗೆ ಬಂದು ತಣ್ಣನೆಯ ಗಾಳಿಗೆ ಸಿಕ್ಕಿದೊಡನೆ ಮತ್ತೆ ನೀರಿನ ಸಣ್ಣ ಸಣ್ಣ ಹನಿಗಳಾಗುತ್ತೆ. ಬೆಳ್ಳಗೆ ಕಾಣುವುದು ಆ ಹನಿಗಳು, ಅಂದರೆ ದ್ರವ. ಇನ್ನೂ ಮೇಲೆ ಹೋದರೆ ಹನಿಗಳೂ ಆರಿ, ಮೋಡವೇ ಮಾಯ. ಒಂದು ಗೇಣಿನೊಳಗೆ ಅನಿಲ, ದ್ರವ, ಮತ್ತೆ ಅನಿಲ. ಬೆರಳು ಸುಡುವುದರಲ್ಲಿ ಆ ಬರಿದಾದ ಜಾಗಕ್ಕೇ ಮೊದಲ ಸ್ಥಾನ. ಏನೂ ಇಲ್ಲ ಅಂತ ಕೈಯಿಟ್ಟರೆ ಆವಿ ಚರ್ಮದ ಮೇಲೆ ನೀರಾಗುತ್ತಾ ತನ್ನ ಬಿಸಿಯನ್ನೆಲ್ಲ ಅಲ್ಲೇ ಇಳಿಸುತ್ತೆ. ಅದಕ್ಕೇ ನಾಲ್ಕು ಹೆಜ್ಜೆ.

ಹೊಗೆಯನ್ನು ತೆಗೆದು "ಕುದಿದರೆ ಆವಿಯು ಹಾರುವುದು" ಎಂದು ಮಾಡಿದೆ. ಅವಳು ಸುಮ್ನೆ ಇರಲಿಲ್ಲ. ನೆಲ ಒರೆಸಿದ ಜಾಗ ತೋರಿಸಿ, "ಇದನ್ನ ಯಾರು ಕುದಿಸಿದ್ರು?" ಅಂದಳು. ಯಾರೂ ಕುದಿಸಿಲ್ಲ. ಕುದಿಯಲು ಸಮುದ್ರಮಟ್ಟದಲ್ಲಿ ಸುಮಾರು 100 ಡಿಗ್ರಿ ಬೇಕು, ಆರಲು ಅಷ್ಟೇನೂ ಬೇಡ. ನೀರಿನ ಕಣಗಳೆಲ್ಲ ಒಂದೇ ವೇಗದಲ್ಲಿ ಓಡುವುದಿಲ್ಲ. ಮೇಲ್ಮೈಯಲ್ಲಿ ಜೋರಾಗಿ ಓಡುವ ಒಂದೊಂದು ಕಣ ತಪ್ಪಿಸಿಕೊಂಡು ಗಾಳಿ ಸೇರುತ್ತಲೇ ಇರುತ್ತೆ. ಕುದಿಯುವಾಗ ಮೇಲ್ಮೈಯಷ್ಟೇ ಅಲ್ಲ, ಒಳಗೂ ಗುಳ್ಳೆ ಕಟ್ಟಿ ಆವಿಯಾಗುತ್ತೆ, ಅದೇ ವ್ಯತ್ಯಾಸ. ಅವಳ ನೆಲದಿಂದಲೇ ಕೊನೆಯ ಸಾಲು ಸಿಕ್ಕಿತು.

ಕುದಿದರೆ ಆವಿಯು ಹಾರುವುದು
ಕುದಿಯದೆ ಸುಮ್ಮನೆ ಆರುವುದು

ಒಂದು ಹಕಾರ ಇದ್ದರೆ ಕುದಿತ, ಇಲ್ಲದಿದ್ದರೆ ಬರೀ ಒಣಗುವುದು. ಇಷ್ಟು ಅಚ್ಚುಕಟ್ಟಾದ ಪ್ರಾಸ ನನಗೆ ಮತ್ತೆ ಸಿಗಲಾರದು ಎಂದು ಬೀಗಿದೆ.

ಅವಳು ಕೈತಟ್ಟಿಕೊಂಡು ಹಾಡಿದಳು. ಹಕಾರ ಅವಳ ನಾಲಗೆಯಲ್ಲಿ ಇನ್ನೂ ನಿಂತಿಲ್ಲ ಅನ್ನುವುದನ್ನು ನಾನು ಮರೆತೇ ಬಿಟ್ಟಿದ್ದೆ. "ಕುದಿದರೆ ಆವಿಯು ಆರುವುದು, ಕುದಿಯದೆ ಸುಮ್ಮನೆ ಆರುವುದು!" ಹತ್ತು ದಿನದ ವಿಜ್ಞಾನ ಒಂದಕ್ಷರದಲ್ಲಿ ಹೋಯಿತಲ್ಲ ಎಂದು ತಿದ್ದಲು ಬಾಯಿ ತೆರೆದೆ.

ಅಷ್ಟರಲ್ಲಿ ಕೆಟಲ್ ನೆನಪಾಯಿತು. ಆರುವುದು ಅಂದರೆ ಒಣಗುವುದು ಮಾತ್ರವಲ್ಲ, ತಣ್ಣಗಾಗುವುದೂ ಹೌದಲ್ಲ. ಮೂತಿಯಿಂದ ಬೆರಳಷ್ಟು ದೂರದಲ್ಲಿ ಬೆಳ್ಳಗೆ ಕಂಡದ್ದು ಆರಿದ ಆವಿಯೇ. ತೆರೆದ ಬಾಯಿ ಮುಚ್ಚಿಕೊಂಡು ನಾನೂ ಕೈತಟ್ಟಿದೆ.