ವಾಕರಿಕೆಗೂ ಕಾಮಾಲೆಗೂ ಇರುವ ವ್ಯತ್ಯಾಸ

“ಕ್ಷಯದ ಮಾತ್ರೆ ಶುರುವಾದ ಮೇಲೆ ವಾಕರಿಕೆ, ಮೂತ್ರವೂ ಕೆಂಪು. ನಿಲ್ಲಿಸಬಹುದೇ?”

ಸಮುದಾಯ ಶುಶ್ರೂಷಕಿಯಾಗಿ ಈ ಪ್ರಶ್ನೆಯನ್ನು ನಾನು ಅನೇಕ ಮನೆಗಳಲ್ಲಿ ಕೇಳಿದ್ದೇನೆ. ಕ್ಷಯದ ಔಷಧಗಳಲ್ಲೊಂದಾದ ರಿಫಾಂಪಿಸಿನ್ ಸೇವಿಸಿದ ಕೆಲವು ಗಂಟೆಗಳ ಕಾಲ ಮೂತ್ರ ಕಿತ್ತಳೆಗೆಂಪಾಗುವುದು ಸಹಜ, ಅದರಿಂದ ಅಪಾಯವಿಲ್ಲ. ಇದನ್ನು ಮೊದಲ ದಿನವೇ ಹೇಳದಿರುವುದು ನಮ್ಮದೇ ತಪ್ಪು. ಆದರೆ ಇದೇ ಬಣ್ಣ ಕಾಮಾಲೆಯನ್ನು ಮರೆಮಾಡಬಲ್ಲದು. ಆದ್ದರಿಂದ ನಾನು ಮೂತ್ರವನ್ನು ನಂಬದೆ, ರೋಗಿಯನ್ನು ಹಗಲು ಬೆಳಕಿಗೆ ಕರೆತಂದು, ಕೆಳರೆಪ್ಪೆಯನ್ನು ಎಳೆದು ಕಣ್ಣಿನ ಬಿಳಿಭಾಗವನ್ನು ನೋಡುತ್ತೇನೆ. ಅದು ಹಳದಿಯಾಗಿದ್ದರೆ, ಅಥವಾ ನಿಲ್ಲದ ವಾಂತಿ, ಊಟವೇ ಸೇರದಿರುವುದು, ಬಲಪಕ್ಕೆಲುಬಿನ ಕೆಳಗೆ ನೋವು ಇದ್ದರೆ, ಮುಂದಿನ ಮಾತ್ರೆಯನ್ನು ತಡೆದು ಅದೇ ದಿನ ವೈದ್ಯರಲ್ಲಿಗೆ ಕಳುಹಿಸಬೇಕು. ಇವು ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾಗಿರಬಹುದಾದ ಸೂಚನೆಗಳು. ಯಕೃತ್ತು ಚೇತರಿಸಿಕೊಂಡ ನಂತರ ಔಷಧಗಳನ್ನು ಒಂದೊಂದಾಗಿ ಮರಳಿ ಆರಂಭಿಸುವವರು ವೈದ್ಯರು, ನಾವಲ್ಲ.

ಒಬ್ಬ ರೋಗಿಗೆ 28 ದಿನಗಳ ಮಾತ್ರೆ ಕೊಟ್ಟು 10 ದಿನಗಳಾಗಿದ್ದವು. 18 ದಿನಗಳಷ್ಟು ಉಳಿದಿರಬೇಕಾದಲ್ಲಿ 23 ದಿನಗಳಷ್ಟು ಉಳಿದಿತ್ತು. “ತಪ್ಪದೆ ತಗೊಳ್ತಿದ್ದೀನಿ ಸಿಸ್ಟರ್” ಎಂದವರೇ, ನಾನು ಗದರದೆ ಕುಳಿತಾಗ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತದೆಂದು ಒಪ್ಪಿಕೊಂಡರು. ಕಣ್ಣು ಬೆಳ್ಳಗಿತ್ತು, ಯಕೃತ್ತಿನ ಪರೀಕ್ಷೆಯೂ ಸರಿಯಾಗಿತ್ತು. ವೈದ್ಯರನ್ನು ಕೇಳಿ, ರಾತ್ರಿ ಹಗುರವಾಗಿ ಉಂಡ ಮೇಲೆ ಮಾತ್ರೆ ಕೊಡಿಸಿದೆವು. ತಪ್ಪಿದ ಐದು ದಿನಗಳನ್ನು ಆರಂಭಿಕ ಎರಡು ತಿಂಗಳ ಹಂತದ ಕೊನೆಗೆ ಸೇರಿಸಲಾಯಿತು. ಒಂದೇ ದಿನ ಎರಡು ಪಾಲು ನುಂಗಿ ಸರಿದೂಗಿಸಬಾರದು. ಮೂರನೆಯ ದಿನ ಮತ್ತೆ ಹೋಗಿ ಮಾತ್ರೆ ಎಣಿಸಿದಾಗ ಲೆಕ್ಕ ಕೂಡಿಬಂದಿತ್ತು.