ಪ್ರಿಂಟರ್ ನಿದ್ದೆಗೂ ಲೆಕ್ಕ ಇಡುವ ಯಜಮಾನರು

ನಾಳೆ ಬೆಳಿಗ್ಗೆ ಮಗುವಿನ ಪರೀಕ್ಷೆ, ಈ ರಾತ್ರಿಯೇ ಹಾಲ್ ಟಿಕೆಟ್ ಪ್ರಿಂಟ್ ಆಗಬೇಕು. ಫೋನಿನಲ್ಲಿ ಒತ್ತಿದರೆ Offline ಎಂಬ ಉತ್ತರ. ವೈಫೈ ಬೈದು, ರೂಟರ್ ಬೈದು, ಕೊನೆಗೆ ನೋಡಿದರೆ ಗೋಡೆಯ ಸ್ವಿಚ್ಚೇ ಆಫ್. ಮಾಡಿದ್ದು ಯಾರೆಂದು ಕೇಳುವ ಅಗತ್ಯವಿಲ್ಲ. ಪ್ರತಿ ಮನೆಯಲ್ಲೂ ಮಲಗುವ ಮುಂಚೆ ಸ್ವಿಚ್ಚುಗಳ ಗಸ್ತು ತಿರುಗುವ ಯಜಮಾನರೊಬ್ಬರು ಇದ್ದೇ ಇರುತ್ತಾರೆ. "ಕರೆಂಟ್ ಏನ್ ಪುಕ್ಸಟ್ಟೆ ಬರುತ್ತಾ?" ಎಂಬುದು ಅವರ ಪ್ರಶ್ನೆ. ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳಿಗೆ ಪುಕ್ಸಟ್ಟೆಯೇ ಬರುತ್ತಿದೆ. ಆದರೂ ಗಸ್ತು ನಿಂತಿಲ್ಲ.

ಲೆಕ್ಕ ನೋಡಿ. ಮನೆಯ ಇಂಕ್‌ಟ್ಯಾಂಕ್ ಪ್ರಿಂಟರ್ ಸ್ಲೀಪ್‌ನಲ್ಲಿದ್ದಾಗ ಎಳೆಯುವುದು ಸುಮಾರು 1 ವಾಟ್. ವರ್ಷವಿಡೀ ಹಾಗೇ ಬಿಟ್ಟರೆ 9 ಯೂನಿಟ್ ಒಳಗೆ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ಅರವತ್ತು ಚಿಲ್ಲರೆ ರೂಪಾಯಿ. ಯಜಮಾನರ ಕಾಲದ 60 ವಾಟ್ ಬಲ್ಬು ಮರೆತು ಆರು ದಿನ ಹಗಲೂ ರಾತ್ರಿ ಉರಿದರೆ ಅಷ್ಟೇ ಆಗುತ್ತಿತ್ತು. ಆ ಬಲ್ಬಿನ ಕೆಳಗೇ ಓದಿ, ಬಿಲ್ಲು ಬಂದ ದಿನ ಅಪ್ಪನ ಮುಖ ನೋಡಿ ಬೆಳೆದವರ ಕೈ ಸ್ವಿಚ್ಚಿನತ್ತ ತಾನೇ ಹೋಗುತ್ತದೆ, ಪಾಪ.

ಆದರೆ ಉಳಿತಾಯ ಶಾಯಿಯಲ್ಲಿ ಸೋರುತ್ತದೆ. ಪ್ರಿಂಟರಿನದೇ ಬಟನ್ ಒತ್ತಿದರೆ ಅದು ಶಾಯಿ ಚಿಮ್ಮುವ ಹೆಡ್ಡನ್ನು ಮೂಲೆಗೆ ಸರಿಸಿ, ಕೆಳಗಿನ ರಬ್ಬರ್ ಮುಚ್ಚಳದ ಮೇಲೆ ಕೂರಿಸಿ, ಆಮೇಲೆ ಆರುತ್ತದೆ. ಪ್ರಿಂಟ್ ಆಗುತ್ತಿರುವಾಗಲೋ ಆಗಷ್ಟೇ ಮುಗಿದಾಗಲೋ ಗೋಡೆಯಲ್ಲಿ ಟಕ್ ಅನ್ನಿಸಿದರೆ ಹೆಡ್ಡು ಬಾಯಿ ತೆರೆದುಕೊಂಡೇ ನಿಲ್ಲಬಹುದು, ನಾಜಲ್‌ಗಳೆಂಬ ಅದರ ಸಣ್ಣ ತೂತುಗಳಲ್ಲಿ ಶಾಯಿ ಒಣಗುತ್ತದೆ. ಅಕ್ಷರಗಳ ನಡುವೆ ಬಿಳಿ ಗೆರೆ ಬಿದ್ದರೆ ಸಾಮಾನ್ಯವಾಗಿ ಇದೇ ಕಾಯಿಲೆ. ಬಿಡಿಸಲು ಕ್ಲೀನಿಂಗ್ ಕೊಡಬೇಕು, ಅದಕ್ಕೆ ಸುರಿಯುವ ಶಾಯಿಯೆಲ್ಲ ಕಾಗದ ಕಾಣದೆ ಒಳಗಿನ ವೇಸ್ಟ್ ಪ್ಯಾಡಿಗೆ ಹೋಗುತ್ತದೆ. ಪ್ಯಾಡ್ ತುಂಬಿದ ದಿನ ಪ್ರಿಂಟರ್ ಮುಷ್ಕರ ಹೂಡುತ್ತದೆ.

ಕೆಲಸವಿಲ್ಲದಾಗ ಪ್ರಿಂಟರನ್ನು ತಾನೇ ಆರಿಸುವ ಆಟೋ ಪವರ್ ಆಫ್ ಇಷ್ಟು ಒರಟಲ್ಲ. ಹೆಡ್ಡನ್ನು ಮುಚ್ಚಿಯೇ ಆರುತ್ತದೆ. ತೊಂದರೆ ಬೇರೆ: ಸ್ಲೀಪ್‌ನಲ್ಲಿರುವ ಪ್ರಿಂಟರ್ ವೈಫೈಯಲ್ಲಿ ಕರೆದರೆ ಏಳುತ್ತದೆ, ಆಫ್ ಆದದ್ದು ಸಾಮಾನ್ಯವಾಗಿ ಏಳುವುದಿಲ್ಲ, ಎದ್ದು ಹೋಗಿ ಬಟನ್ ಒತ್ತಬೇಕು. ಆದ್ದರಿಂದ ವೈಫೈ ಮನೆಯಲ್ಲಿ ಸ್ಲೀಪ್ ಟೈಮರ್ 5 ನಿಮಿಷಕ್ಕಿಡಿ, ಆಟೋ ಪವರ್ ಆಫ್ ಅನ್ನು Never ಮಾಡಿ, ಆ ಆಯ್ಕೆ ಇಲ್ಲದಿದ್ದರೆ ಇರುವುದರಲ್ಲಿ ದೀರ್ಘ ಅವಧಿ ಆರಿಸಿ. ಊರಿಗೆ ಹೊರಟರೆ ಮೊದಲು ಬಟನ್, ದೀಪ ಮಿನುಗಿ ಪೂರ್ತಿ ಆರಿದ ಮೇಲೆ ಗೋಡೆಯ ಸ್ವಿಚ್ಚು.

ಯಜಮಾನರು ಗುಡುಗಬೇಕಾದ ಜಾಗ ಬೇರೆಯೇ ಇದೆ. ಆಫೀಸಿನ ಹಳೇ ಲೇಸರ್ ಪ್ರಿಂಟರಿನಲ್ಲಿ ಪುಡಿಯನ್ನು ಕಾಗದಕ್ಕೆ ಅಂಟಿಸುವ ಫ್ಯೂಸರ್ ಬಿಸಿಯಾಗಿರಬೇಕು. ಯಾರೋ "ಬೇಗ ಪ್ರಿಂಟ್ ಬರಲಿ" ಎಂದು ಸ್ಲೀಪ್ ತೆಗೆದುಹಾಕಿದ್ದು, ಅದು 50 ವಾಟ್ ಎಳೆಯುತ್ತ ಸನ್ನದ್ಧವಾಗಿ ನಿಂತಿದ್ದರೆ ವರ್ಷಕ್ಕೆ 438 ಯೂನಿಟ್, 3,000 ರೂಪಾಯಿ ದಾಟುತ್ತದೆ. ಅದನ್ನು ಮಾತ್ರ ಯಾರೂ ಆರಿಸುವುದಿಲ್ಲ. ಆ ಬಿಲ್ಲು ಮನೆಗೆ ಬರುವುದಿಲ್ಲವಲ್ಲ!